ಗ್ರಾಫ್ ಯಾಕೆ ಬಾಗಿತು: ರಿಪೋರ್ಟಿನಲ್ಲಿ ಯಾವ ಕಾರಣ ಬರೆಯೋಣ?

ಶಿವಮೊಗ್ಗದ ನಮ್ಮ ಕಾಲೇಜ್ ಲ್ಯಾಬಿನಲ್ಲಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣವನ್ನು 525 ನ್ಯಾನೋಮೀಟರ್‌ನಲ್ಲಿ ಅಳೆದೆವು. ಸಾಂದ್ರತೆ ಏರಿದಂತೆ ಅಬ್ಸಾರ್ಬೆನ್ಸ್, ಅಂದರೆ ದ್ರಾವಣ ಬೆಳಕನ್ನು ಎಷ್ಟು ಹೀರಿತು ಅನ್ನುವ ಅಳತೆ, ನೇರ ಗೆರೆಯಲ್ಲಿ ಏರಬೇಕು. 0.4 ಮಿಲಿಮೋಲಾರ್‌ಗೆ ಅದು 0.93 ಬಂತು. 0.8ಕ್ಕೆ 1.66. 1.2ಕ್ಕೆ 2.8ರ ಹತ್ತಿರ ಬರಬೇಕಿತ್ತು, ಬಂದಿದ್ದು 1.95. ಮಳೆಗಾಲ, ಕ್ಯುವೆಟ್ ಮೇಲೆ ತೇವ ಕೂತಿರಬಹುದು ಅಂದರು ಒಬ್ಬರು. ಆದರೆ ತೇವ ಬೆಳಕನ್ನು ಚದುರಿಸಿ ರೀಡಿಂಗನ್ನು ಏರಿಸುತ್ತೆ, ಇಳಿಸುವುದಿಲ್ಲ.

ಹೆಚ್ಚಿನ ರಿಪೋರ್ಟುಗಳಲ್ಲಿ ಇರುವ ಕಾರಣ, ‘ಸಾಂದ್ರತೆ ಜಾಸ್ತಿಯಾದಾಗ ಅಣುಗಳು ಒಂದರ ಮೇಲೊಂದು ಪ್ರಭಾವ ಬೀರುತ್ತವೆ’. ಇದು ಸುಳ್ಳಲ್ಲ, ಆದರೆ ಸಾಮಾನ್ಯವಾಗಿ 0.01 ಮೋಲಾರ್ ದಾಟಿದ ಮೇಲಿನ ಮಾತು. ನಮ್ಮದು 0.0012. ಇನ್ನೊಂದು ಕಾರಣ ಸ್ಟ್ರೇ ಲೈಟ್: 525 ಅಲ್ಲದ ಬೆಳಕು, ತರಂಗವನ್ನು ಆರಿಸಿ ಕೊಡುವ ಮೊನೊಕ್ರೊಮೇಟರ್‌ನಿಂದ ಸ್ವಲ್ಪ ನುಸುಳಿ ಡಿಟೆಕ್ಟರ್ ಮುಟ್ಟುವುದು. ಪರ್ಮ್ಯಾಂಗನೇಟ್ ಹಸಿರನ್ನು ನುಂಗುತ್ತೆ, ಕೆಂಪನ್ನು ಬಿಟ್ಟುಬಿಡುತ್ತೆ. ಹಾಗಾಗಿ ಎಷ್ಟೇ ಗಟ್ಟಿ ದ್ರಾವಣ ಹಾಕಿದರೂ ಆ ಕೆಂಪು ದಾಟಿ ಹೋಗುತ್ತೆ.

ಎರಡರಲ್ಲಿ ಯಾವುದು ಅಂತ ನೋಡೋಕೆ 1 ಮಿಲಿಮೀಟರ್ ಕ್ಯುವೆಟ್ ಸಾಕು. ಅದೇ 1.2 ಮಿಲಿಮೋಲಾರ್ ದ್ರಾವಣ ಹಾಕಿದೆ. 0.28 ಬಂತು. ಹತ್ತರಿಂದ ಗುಣಿಸಿದರೆ 2.8, ಅಂದರೆ ಗೆರೆ ನೆಟ್ಟಗಾಯಿತು. ದ್ರಾವಣದ ಸಾಂದ್ರತೆ ಬದಲಾಗಲಿಲ್ಲ, ಬೆಳಕು ಸಾಗುವ ದೂರ ಮಾತ್ರ ಕಡಿಮೆಯಾಯಿತು. ತಪ್ಪು ಅಣುಗಳದ್ದಾಗಿದ್ದರೆ ಇಲ್ಲೂ ಬಾಗಿಯೇ ಇರಬೇಕಿತ್ತು, ಅಲ್ವಾ? ಡೈಕ್ರೋಮೇಟ್‌ನಲ್ಲಿ ಹಾಗೇ ಆಗುತ್ತೆ: ನೀರು ಬೆರೆಸಿದರೆ ಅದರ ಅಯಾನುಗಳೇ ಬೇರೆ ರೂಪಕ್ಕೆ ಹೋಗುತ್ತವೆ, ಕ್ಯುವೆಟ್ ಬದಲಿಸಿದರೆ ಏನೂ ಸರಿಯಾಗುವುದಿಲ್ಲ. ಅಲ್ಲಿ ಮೊದಲನೇ ಥರದ ಕಾರಣವನ್ನೇ ಬರೆಯಿರಿ.

ಮೂರನೇ ಸ್ಪರ್ಧಿಯೂ ಇದೆ, ಬ್ಯಾಂಡ್‌ವಿಡ್ತ್. ಸೀಳು ಅಗಲವಾಗಿದ್ದರೆ 525ರ ಜೊತೆ ಅಕ್ಕಪಕ್ಕದ ತರಂಗಗಳೂ ಬರುತ್ತವೆ, ಅವುಗಳ ಹೀರಿಕೆ ಬೇರೆ ಬೇರೆ. ತೊಂದರೆ ಏನೆಂದರೆ, ಸಣ್ಣ ಕ್ಯುವೆಟ್ ಇದನ್ನೂ ಸರಿ ಮಾಡಿಬಿಡುತ್ತೆ. ಅದಕ್ಕೇ 5 ಮಿಲಿಮೋಲಾರ್ ದ್ರಾವಣವನ್ನು ಮಾಮೂಲಿ 10 ಮಿಲಿಮೀಟರ್ ಕ್ಯುವೆಟ್‌ನಲ್ಲಿ ಇಟ್ಟು ನೋಡಿದೆ. ಲೆಕ್ಕಕ್ಕೆ 12ರ ಹತ್ತಿರ. ಯಂತ್ರ ತೋರಿಸಿದ್ದು 2.00, ಇನ್ನೂ ಗಟ್ಟಿ ಮಾಡಿದರೂ ಅಲ್ಲಿಂದ ಅಲ್ಲಾಡಲಿಲ್ಲ. ಬ್ಯಾಂಡ್‌ವಿಡ್ತ್ ಕಾರಣವಾಗಿದ್ದರೆ ಗೆರೆ ಬಾಗುತ್ತಾ ಏರುತ್ತಲೇ ಇರುತ್ತಿತ್ತು, ಹೀಗೆ ಚಪ್ಪಟೆಯಾಗಿ ನಿಲ್ಲುತ್ತಿರಲಿಲ್ಲ. ಯಂತ್ರದ್ದೇ ಮಿತಿಯೋ ಅಂತ ಬೆಳಕಿನ ದಾರಿಗೆ ಕಪ್ಪು ರಟ್ಟು ಅಡ್ಡ ಹಿಡಿದೆ, ರೀಡಿಂಗ್ 3 ದಾಟಿತು. ಅಂದರೆ ಡಿಟೆಕ್ಟರ್ ಸರಿ ಇದೆ, ಬೆಳಕೇ ನುಸುಳುತ್ತಿದೆ.

2ರ ಹತ್ತಿರ ನಿಂತಿತು ಅಂದರೆ ನುಸುಳುವ ಬೆಳಕು ಸುಮಾರು ಶೇಕಡಾ 1. ಈ ಸೂತ್ರದಲ್ಲಿ T ಅಂದರೆ ದ್ರಾವಣ ದಾಟುವ 525ರ ಬೆಳಕಿನ ಪಾಲು, ನಿಜವಾದ ಅಬ್ಸಾರ್ಬೆನ್ಸ್ A ಆದರೆ 10^(-A); s ಅಂದರೆ ನುಸುಳುವ ಬೆಳಕಿನ ಪಾಲು. s = 0.01 ಹಾಕಿ:

```
A_obs = -log10((T + s) / (1 + s))
```

ನಿಜವಾದ ಅಬ್ಸಾರ್ಬೆನ್ಸ್ 0.96ಕ್ಕೆ 0.93 ಬರುತ್ತೆ, ಅದರ ಎರಡರಷ್ಟು 1.92ಕ್ಕೆ 1.66, ಮೂರರಷ್ಟು 2.88ಕ್ಕೆ 1.95. ನಮ್ಮ ರೀಡಿಂಗುಗಳೇ! ನಾನಾದರೆ ರಿಪೋರ್ಟಿನಲ್ಲಿ ಈ ಲೆಕ್ಕವನ್ನೇ ಹಾಕುತ್ತೇನೆ, ಗ್ರಾಫಿನ ನೇರ ಗೆರೆಯನ್ನು 0.4 ಮಿಲಿಮೋಲಾರ್‌ಗೆ ನಿಲ್ಲಿಸುತ್ತೇನೆ. ಅಲ್ಲೂ ಶೇಕಡಾ 3–4 ಕಮ್ಮಿ ಇದೆ ಅಂತ ಪಕ್ಕದಲ್ಲೇ ಬರೆಯುತ್ತೇನೆ.