ಸಿಗ್ನಲ್ ಅರೆಬರೆ ಇರುವ ಊರಿನಲ್ಲಿ 5ಜಿ ಫೋನು: ಎರಡು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯಲ್ಲಿ 5000 ಎಂಎಎಚ್ ಬ್ಯಾಟರಿಯ, ಮಧ್ಯಮ ಬೆಲೆಯ 5ಜಿ ಆಂಡ್ರಾಯ್ಡ್ ಫೋನೊಂದನ್ನು ಎರಡು ಮಳೆಗಾಲ ಬಳಸಿದ್ದೇನೆ. ಕ್ಯಾಮೆರಾ, ಪರದೆಗಳ ಬಗ್ಗೆ ನನ್ನ ತಕರಾರೇನೂ ಇಲ್ಲವಾದ್ದರಿಂದ, 5ಜಿಯಿಂದ 4ಜಿಗೆ ಇಳಿಸುವ ಒಂದೇ ಒಂದು ಸೆಟ್ಟಿಂಗ್ ಕುರಿತು ಬರೆಯುತ್ತಿದ್ದೇನೆ. ಶಿವಮೊಗ್ಗದಲ್ಲಿದ್ದ ದಿನ ಸಂಜೆಗೆ ಅರ್ಧ ಚಾರ್ಜ್ ಉಳಿಸಿಕೊಳ್ಳುತ್ತಿದ್ದ ಇದೇ ಫೋನು, ಮನೆಯಲ್ಲಿ ಅಷ್ಟೇ ಬಳಸಿದರೂ ಹೊತ್ತು ಮುಳುಗುವ ಮುನ್ನವೇ ಚಾರ್ಜರ್ ಕೇಳುತ್ತಿತ್ತು. 4ಜಿಗೆ ಇಳಿಸಿದ ಮೇಲೆ ಆ ತೊಂದರೆ ಬಹುಪಾಲು ನೀಗಿತು. ಆದರೆ ಎಲ್ಲರಿಗೂ, ಎಲ್ಲ ಕಡೆಯೂ ಹೀಗೆಯೇ ಆಗುತ್ತದೆ ಎನ್ನಲಾರೆ.

ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಆರಂಭವಾದ 5ಜಿ ಸೇವೆಯ ವೇಗವೆಲ್ಲ ಹೆಚ್ಚಾಗಿ 3300 ಮೆಗಾಹರ್ಟ್ಸ್‌ಗೂ ಮೇಲಿನ ಅಲೆಗಳಿಂದ ಬರುತ್ತದೆ. ಇವು 850 ಅಥವಾ 900 ಮೆಗಾಹರ್ಟ್ಸ್‌ನ 4ಜಿ ಅಲೆಗಳಷ್ಟು ದೂರ ಹೋಗುವುದಿಲ್ಲ. ಗುಡ್ಡ, ದಪ್ಪ ಗೋಡೆ, ನೆನೆದ ಮರಗಳ ನಡುವೆ ಬೇಗ ಸೊರಗುತ್ತವೆ. ಇದರ ಮೇಲೆ, ನನ್ನ ಸಿಮ್‌ಗೆ ಇಲ್ಲಿ ಸಿಗುವ 5ಜಿ ಸ್ವತಂತ್ರವಾದುದಲ್ಲ, 4ಜಿಯ ಆಸರೆಯಲ್ಲಿ ನಡೆಯುವಂಥದ್ದು. ಹೀಗಾಗಿ ಡೇಟಾ ಓಡುವಾಗ ಫೋನು 4ಜಿ ಸಂಪರ್ಕವನ್ನು ಬಿಡದೆ, 5ಜಿಯನ್ನೂ ಹಿಡಿದಿರಬೇಕಾಗುತ್ತದೆ. ಟವರಿನ ವ್ಯಾಪ್ತಿಯ ಅಂಚಿನಲ್ಲಿ 5ಜಿ ಸೇರುವುದು, ಕಳಚುವುದು, ಮತ್ತೆ ಸೇರುವುದು ನಡೆದೇ ಇರುತ್ತದೆ. ಸಿಗ್ನಲ್ ಸೋತಷ್ಟೂ ಫೋನು ತನ್ನ ಪ್ರಸಾರದ ಶಕ್ತಿಯನ್ನು ಏರಿಸಬೇಕಾಗಿ ಬರುವುದರಿಂದ ಬ್ಯಾಟರಿ ಬೇಗ ಕರಗುವುದಲ್ಲದೆ ಫೋನಿನ ಬೆನ್ನೂ ಬಿಸಿಯಾಗುತ್ತದೆ.

ಪರದೆಯ ಮೇಲಿನ 5ಜಿ ಚಿಹ್ನೆಯನ್ನು ಇಲ್ಲಿ ನಂಬುವಂತಿಲ್ಲ. ಆಸರೆಯ 4ಜಿ ಟವರು ತನ್ನಲ್ಲಿ 5ಜಿ ಸೌಲಭ್ಯವಿದೆಯೆಂದು ಸಾರಿದರೆ ಸಾಕು, ಅದು ನಿಮ್ಮನ್ನು ತಲುಪದಿದ್ದರೂ ಕೆಲವು ಫೋನುಗಳು ಚಿಹ್ನೆ ತೋರಿಸಿಬಿಡುತ್ತವೆ. ನಿಜಸ್ಥಿತಿ ತಿಳಿಯಲು ನಾನು ಡಯಲರ್‌ನಲ್ಲಿ `*#*#4636#*#*` ಒತ್ತಿ (ಕೆಲವು ಕಂಪನಿಗಳ ಫೋನಿನಲ್ಲಿ ಇದು ತೆರೆಯುವುದಿಲ್ಲ) 5ಜಿ ಸಂಪರ್ಕದ ಸ್ಥಿತಿ ಹೇಳುವ `NR State` ಸಾಲನ್ನು ನೋಡಿದೆ. ಜಗುಲಿಯಲ್ಲಿ ಕೂತು ವಿಡಿಯೊ ಕಾಲ್ ಮಾಡಿದಾಗ 4ಜಿ ಸಿಗ್ನಲ್ ಮೈನಸ್ 98 ಡಿಬಿಎಂ ಆಸುಪಾಸಿನಲ್ಲಿ ನಿಂತಿದ್ದರೆ, 5ಜಿ ಸಿಗ್ನಲ್ ಮೈನಸ್ 117ಕ್ಕೆ ಇಳಿದು, ಆಗಾಗ ಮಾಯವಾಗುತ್ತಿತ್ತು. ಸಿಗ್ನಲ್ ಬಲವನ್ನು ಅಳೆಯುವ ಈ ಡಿಬಿಎಂ ಲೆಕ್ಕದಲ್ಲಿ ಹತ್ತು ಅಂಕ ಕುಸಿದರೆ ತಲುಪುವ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಒಂದು ಗಂಟೆಯ ಕಾಲ್‌ಗೆ 5ಜಿ ಮೋಡಿನಲ್ಲಿ ಶೇ 19ರಷ್ಟು ಚಾರ್ಜ್ ಖರ್ಚಾದರೆ, 4ಜಿಯಲ್ಲಿ ಶೇ 12ರಷ್ಟಾಯಿತು. ಮಾತಿನ ಸ್ಪಷ್ಟತೆಯಲ್ಲಿ ಕೊರತೆಯಾಗಲಿಲ್ಲ. ಬದಲಿಗೆ, ಚಿತ್ರ ತಡೆತಡೆದು ನಿಲ್ಲುವುದು ತಪ್ಪಿತು.

ರಾತ್ರಿ ಫೋನು ಸುಮ್ಮನೆ ಬಿದ್ದಿರುವಾಗ ಮಾತ್ರ ಎರಡು ಮೋಡುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಈ ಬಗೆಯ 5ಜಿಯಲ್ಲಿ ಕೆಲಸವಿಲ್ಲದ ಫೋನು ಹೇಗೂ 4ಜಿಯಲ್ಲೇ ತಂಗಿರುತ್ತದೆ. ಆದ್ದರಿಂದ ರಾತ್ರಿಯ ಅಂಕಿ ಮಾತ್ರ ನೋಡಿ ಮೋಡ್ ಬದಲಿಸಿದರೂ ಒಂದೇ ಎಂದುಕೊಳ್ಳುವವರು ಹಗಲಿನ ಹಾಟ್‌ಸ್ಪಾಟ್, ಕಾಲ್‌ಗಳ ಹೊತ್ತಿನಲ್ಲಿ ಹೋಲಿಸಿ ನೋಡುವುದು ಒಳ್ಳೆಯದು. ಸ್ವತಂತ್ರ 5ಜಿ ಇರುವ ಕಡೆ ಲೆಕ್ಕವೇ ಬೇರೆ. ಅಲ್ಲಿ 700 ಮೆಗಾಹರ್ಟ್ಸ್‌ನ ಸಿಗ್ನಲ್ ಗಟ್ಟಿಯಾಗಿ ಸಿಗುತ್ತಿದ್ದರೆ 5ಜಿಯನ್ನು ಬಿಟ್ಟು 4ಜಿಗೆ ಇಳಿಯಲು ಕಾರಣವಿಲ್ಲ.

ಬದಲಿಸುವುದು ಸುಲಭ. ನನ್ನ ಫೋನಿನಲ್ಲಿ `Settings`, `Network & internet`, `SIMs`, ಆಮೇಲೆ `Preferred network type`; ಅಲ್ಲಿ 4ಜಿಯ ಇನ್ನೊಂದು ಹೆಸರಾದ `LTE` ಆರಿಸಿದರಾಯಿತು. ಹೆಸರುಗಳು ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತವೆ. ಆದರೆ ಮೇಲೆ ಹೇಳಿದ ಗುಪ್ತ ಪುಟದಲ್ಲಿರುವ `LTE only` ಆಯ್ಕೆಯನ್ನು ಮುಟ್ಟದಿರುವುದು ಕ್ಷೇಮ. ಸಿಮ್‌ನಲ್ಲಿ 4ಜಿ ಮೂಲಕವೇ ಕರೆ ಸಾಗಿಸುವ ವೋಲ್ಟಿ ಸರಿಯಾಗಿ ಕೆಲಸ ಮಾಡದಿದ್ದರೆ, 2ಜಿಗೆ ಇಳಿಯುವ ದಾರಿಯೂ ಮುಚ್ಚಿಹೋಗಿ ಕರೆಗಳೇ ಬರುವುದಿಲ್ಲ.

ಅಡುಗೆಮನೆಯಲ್ಲಿ ಈ ಉಪಾಯವೂ ನಡೆಯಲಿಲ್ಲ. ಅಲ್ಲಿ 4ಜಿಯೇ ಮೈನಸ್ 116ರಲ್ಲಿ ಏದುಸಿರು ಬಿಡುತ್ತಿರುವುದರಿಂದ ಮೋಡ್ ಯಾವುದಾದರೂ ಬ್ಯಾಟರಿ ಕರಗುತ್ತದೆ. ಫೈಬರ್ ಸಂಪರ್ಕವಿರುವ ನಮಗೆ ವೈಫೈ ಕಾಲಿಂಗ್ ಅಲ್ಲಿ ಆಸರೆಯಾಯಿತು, ಅದೂ ಕರೆಂಟ್ ಇರುವಷ್ಟು ಹೊತ್ತು.

ಬ್ಯಾಟರಿ ಉಳಿತಾಯಕ್ಕೆ ತೆರಬೇಕಾದ ಬೆಲೆ ರೀಚಾರ್ಜ್ ಪ್ಲಾನಿನಲ್ಲಿದೆ. ಅನಿಯಮಿತ ಡೇಟಾ ಸಿಗುವುದು 5ಜಿಯಲ್ಲಿದ್ದಾಗ ಮಾತ್ರ. 4ಜಿಗೆ ಇಳಿದೊಡನೆ ದಿನದ 2 ಜಿಬಿಯ ಮಿತಿ ಲೆಕ್ಕಕ್ಕೆ ಬರುತ್ತದೆ, ಅದು ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಕುಸಿಯುತ್ತದೆ. ಕರೆಂಟ್ ಹೋಗಿ ಮಗಳ ತರಗತಿಗೆ ಹಾಟ್‌ಸ್ಪಾಟ್ ಕೊಟ್ಟ ದಿನ ಮಧ್ಯಾಹ್ನಕ್ಕೇ ಈ ಮಿತಿ ತೀರುವುದುಂಟು. ಅದಕ್ಕಾಗಿ ದೊಡ್ಡ ಅಪ್‌ಡೇಟ್‌ಗಳನ್ನು ಶಿವಮೊಗ್ಗಕ್ಕೆ ಹೋದಾಗ 5ಜಿಗೆ ಮರಳಿಸಿ ಅಲ್ಲೇ ಮುಗಿಸಿಕೊಳ್ಳುತ್ತೇನೆ. ಸಿಗ್ನಲ್ ಗಟ್ಟಿಯಿರುವ ಕಡೆ ಡೌನ್‌ಲೋಡ್ ಬೇಗ ಮುಗಿದು ರೇಡಿಯೊ ಬೇಗ ವಿರಮಿಸುವುದರಿಂದ, ಅಲ್ಲಿ 5ಜಿ ಬಳಸಿದ್ದಕ್ಕೆ ಬ್ಯಾಟರಿಯ ಮೇಲೆ ಹೆಚ್ಚಿನ ಹೊರೆ ಬಿದ್ದದ್ದನ್ನು ನಾನು ಕಂಡಿಲ್ಲ.