ಒಂದೇ ಸೀರೆ, ಮೂರು ಬಗೆಯ ಉಡುಗೊರೆ ವಿವರಣೆ: ಒಂದು ಹೋಲಿಕೆ

ಉಡುಪಿಯ ನಮ್ಮ ಮನೆಯಿಂದ ನಾನು ಕೈಮಗ್ಗದ ಹತ್ತಿ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ಕೊಳ್ಳುವವರಲ್ಲಿ ಬಹುಪಾಲು ಮಂದಿ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು, ಊರಿನಲ್ಲಿರುವ ತಾಯಿಗೋ ಅತ್ತೆಗೋ ನೇರವಾಗಿ ಕಳುಹಿಸಲು ಹೇಳುತ್ತಾರೆ. ಅಂದರೆ ಹಣ ಕೊಟ್ಟವರು ಆ ಪೊಟ್ಟಣವನ್ನು ಕಣ್ಣಾರೆ ನೋಡುವುದೇ ಇಲ್ಲ. ಹೀಗಿರುವಾಗ ಉಡುಗೊರೆಗೆಂದು ಬರೆಯುವ ವಿವರಣೆ ಹೇಗಿರಬೇಕು ಎಂದು ತಿಳಿಯಲು, ಒಂದೇ ಬೆಲೆಯ, ಅಂಚಿನ ಬಣ್ಣ ಮಾತ್ರ ಬೇರೆಯಾದ ಮೂರು ಸೀರೆಗಳಿಗೆ ಮೂರು ರೀತಿಯ ಬರಹ ಹಾಕಿ, ಎರಡು ತಿಂಗಳು ನೋಡಿದೆ. ಬಣ್ಣದ ಪ್ರಭಾವ ಫಲಿತಾಂಶದಲ್ಲಿ ಬೆರೆಯದಿರಲೆಂದು ಮೂರು ವಾರಕ್ಕೊಮ್ಮೆ ಬರಹಗಳನ್ನು ಅದಲುಬದಲು ಮಾಡಿದೆ.

ಮೊದಲನೆಯದು ಎಲ್ಲರನ್ನೂ ಒಳಗೊಳ್ಳುವಂಥದು: "ಅಮ್ಮ, ಅಕ್ಕ, ಅತ್ತೆ, ಹೆಂಡತಿ, ಗೆಳತಿ, ಯಾರಿಗೇ ಆದರೂ, ಹುಟ್ಟುಹಬ್ಬ, ಮದುವೆ, ದೀಪಾವಳಿ, ಯಾವುದಕ್ಕೇ ಆದರೂ ಒಪ್ಪುವ ಉಡುಗೊರೆ." ಇದನ್ನು ನೋಡಿದವರು ಕಡಿಮೆಯೇನಲ್ಲ, ಆದರೆ ಬಂದ ಪ್ರಶ್ನೆ ಹೆಚ್ಚಾಗಿ ಒಂದೇ: "ಅರುವತ್ತು ದಾಟಿದವರಿಗೆ ಇದು ಆಗಬಹುದೇ?" ಎಲ್ಲರ ಹೆಸರೂ ಅಲ್ಲಿದ್ದುದರಿಂದ ಯಾರಿಗೂ ತಮ್ಮವರು ಅದರಲ್ಲಿ ಕಾಣಿಸಲಿಲ್ಲ. ಮದುವೆಯ ಉಲ್ಲೇಖವಂತೂ ತಪ್ಪೇ ಆಗಿತ್ತು, ಏಕೆಂದರೆ ನಮ್ಮ ಕಡೆ ಮದುವೆಯ ಉಡುಗೊರೆಯಾಗಿ ಸೀರೆ ಎಂದರೆ ಜನ ರೇಷ್ಮೆಯನ್ನೇ ನಿರೀಕ್ಷಿಸುತ್ತಾರೆ.

ಎರಡನೆಯದರಲ್ಲಿ ಸಂದರ್ಭವನ್ನೂ ಪಡೆಯುವವರನ್ನೂ ಸೀರೆಯ ಗುಣದಿಂದಲೇ ಆರಿಸಿಕೊಂಡೆ: "ದಿನವೂ ಹತ್ತಿ ಸೀರೆ ಉಡುವ ಅಮ್ಮನ ಅರುವತ್ತನೆಯ ಹುಟ್ಟುಹಬ್ಬಕ್ಕೆ, ಅಥವಾ ನಿವೃತ್ತರಾಗುತ್ತಿರುವ ಟೀಚರಿಗೆ. ಹಗುರವಾದ್ದರಿಂದ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲೂ ಉಡಬಹುದು." ಇದನ್ನು ಓದಿದವರು ಯಾರಿಗೆ ಆಗುತ್ತದೆ ಎಂದು ಕೇಳುವುದನ್ನು ನಿಲ್ಲಿಸಿದರು. ಟೀಚರ ಬೀಳ್ಕೊಡುಗೆಗೆಂದು ಹಳೆಯ ವಿದ್ಯಾರ್ಥಿಗಳು ಸೇರಿ ಕೊಂಡದ್ದು ಈ ಬರಹದಿಂದಲೇ. ಅದನ್ನು ಅವರೇ ತಿಳಿಸಿದರು. ಆದರೆ ಹೆಸರಿಸುವಾಗ ಸ್ಥಳೀಯ ರೂಢಿಯನ್ನು ಮರೆಯಬಾರದು. ಸೀಮಂತಕ್ಕೆ ಹಸಿರು ಸೀರೆ ಕೊಡುವ ವಾಡಿಕೆ ಇರುವುದರಿಂದ, "ಸೀಮಂತಕ್ಕೆ" ಎಂಬ ಮಾತನ್ನು ಹಸಿರು ಅಂಚಿನ ಸೀರೆಯ ಕೆಳಗೆ ಮಾತ್ರ ಬರೆದೆ. ಕಪ್ಪು ಅಂಚಿನ ಸೀರೆಯ ಕೆಳಗೆ ಅದನ್ನೇ ಬರೆದರೆ, ಕೊಳ್ಳುವವರಿಗೆ ಮಾರುವವರ ತಿಳಿವಳಿಕೆಯ ಮೇಲಿನ ವಿಶ್ವಾಸವೇ ಹೋಗುತ್ತದೆ.

ಮೂರನೆಯದು ಎರಡನೆಯದೇ, ಅದರ ಕೆಳಗೆ ಹೊದಿಕೆ ಮತ್ತು ಸಂದೇಶ ಕಾರ್ಡಿನ ವಿಷಯವನ್ನು ಸೇರಿಸಿದೆ. ಮೊದಲು "ಉಡುಗೊರೆ ಹೊದಿಕೆ ಲಭ್ಯ" ಎಂದಷ್ಟೇ ಬರೆದಿದ್ದೆ. ಅದರಿಂದ ಪ್ರಶ್ನೆಗಳು ಇಳಿಯುವ ಬದಲು ಏರಿದವು. ಬಿಲ್ಲು ಒಳಗೆ ಇರುತ್ತದೆಯೇ, ಕನ್ನಡದಲ್ಲಿ ಬರೆಯುತ್ತೀರಾ, ಹೊದಿಕೆಯ ಮೇಲೆಯೇ ವಿಳಾಸ ಅಂಟಿಸುತ್ತೀರಾ ಎಂದು ಕೇಳಿದರು. ಆದ್ದರಿಂದ ಅದನ್ನು ಹೀಗೆ ತಿದ್ದಿದೆ: "ಸೀರೆಯನ್ನು ಕಂದು ಕಾಗದದಲ್ಲಿ ಸುತ್ತಿ ಹತ್ತಿ ದಾರ ಕಟ್ಟಿ, ಬೇರೊಂದು ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುತ್ತೇವೆ, ವಿಳಾಸ ಪೆಟ್ಟಿಗೆಯ ಮೇಲೆ ಮಾತ್ರ ಇರುತ್ತದೆ. ಹೊದಿಕೆಗೆ 40 ರೂಪಾಯಿ, ಕಾರ್ಡಿಗೆ ಹಣವಿಲ್ಲ. ಕಾರ್ಡಿನ ಮೇಲೆ ನಿಮ್ಮ ಮಾತನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಆರು ಸಾಲಿನೊಳಗೆ ಕೈಯಲ್ಲಿ ಬರೆಯುತ್ತೇವೆ. ಬೆಲೆ ಇರುವ ಬಿಲ್ಲು ನಿಮ್ಮ ಫೋನಿಗೆ ಬರುತ್ತದೆ, ಪೊಟ್ಟಣದಲ್ಲಿ ಇರುವುದಿಲ್ಲ."

ಆರು ಸಾಲು ಎಂದದ್ದಕ್ಕೆ ಕಾರಣವಿದೆ. ಮೊದಲು ನನ್ನ ಆರ್ಡರ್ ಫಾರ್ಮಿನಲ್ಲಿ 150 ಅಕ್ಷರಗಳ ಮಿತಿ ಇಟ್ಟಿದ್ದೆ. ಕಂಪ್ಯೂಟರಿನ ಎಣಿಕೆಯಲ್ಲಿ ಒತ್ತಕ್ಷರ, ಗುಣಿತದ ಚಿಹ್ನೆಗಳೆಲ್ಲ ಬೇರೆ ಬೇರೆ. ನಾವು ಒಂದು ಅಕ್ಷರವೆಂದು ಓದುವ "ಶ್ರೀ" ಅಲ್ಲಿ ನಾಲ್ಕಾಗುತ್ತದೆ. ಹೀಗಾಗಿ ಕನ್ನಡದಲ್ಲಿ ಬರೆದವರ ಸಂದೇಶ ನಡುವೆಯೇ ತುಂಡಾಗುತ್ತಿತ್ತು. ತಾಯಿಗೆ ಮಗಳೊಬ್ಬಳು ಬರೆದ ಸಂದೇಶ "ನಿನ್ನ ಆರೋಗ್ಯ" ಎಂಬಲ್ಲಿಗೆ ನಿಂತಿತ್ತು. ಬರೆಯಲು ಕುಳಿತಾಗ ಅನುಮಾನ ಬಂದು ಫೋನ್ ಮಾಡಿ ಕೇಳಿದೆ. ಅಂದಿನಿಂದ ಮಿತಿಯನ್ನು ಅಕ್ಷರದಲ್ಲಿ ಹೇಳುವುದನ್ನು ಬಿಟ್ಟೆ.

ಮಾರಾಟದ ಸಂಖ್ಯೆಯನ್ನಷ್ಟೇ ನೋಡಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ಹೆಚ್ಚು ಅಂತರ ಕಾಣಲಿಲ್ಲ. ನನ್ನಷ್ಟು ಸಣ್ಣ ವ್ಯಾಪಾರದಲ್ಲಿ ಎರಡು ತಿಂಗಳ ಲೆಕ್ಕದಿಂದ ಅದನ್ನು ಖಚಿತವಾಗಿ ಹೇಳಲೂ ಬಾರದು. ಸ್ಪಷ್ಟವಾಗಿ ಬದಲಾದದ್ದು ಕೊಳ್ಳುವ ಮೊದಲಿನ ಮಾತುಕತೆ. ಮೂರನೆಯ ಬರಹ ಓದಿದವರು ನೇರವಾಗಿ ವಿಳಾಸವನ್ನೂ ಕಾರ್ಡಿನ ಸಂದೇಶವನ್ನೂ ಕಳುಹಿಸಿದರು.

ಮಳೆಗಾಲಕ್ಕೆ ಮಾತ್ರ ಇದೇ ಬರಹವನ್ನು ಉಳಿಸಿಕೊಳ್ಳುವಂತಿಲ್ಲ. ಜುಲೈಯಲ್ಲಿ ಕಳುಹಿಸಿದ ಒಂದು ಕಾರ್ಡಿನ ಶಾಯಿ ತೇವಕ್ಕೆ ಹರಡಿ, ಕೊನೆಯ ಎರಡು ಸಾಲು ಓದಲಾಗದಂತಾಗಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಲ್‌ಪೆನ್ನಿನಲ್ಲೇ ಬರೆಯುತ್ತೇನೆ, ಮತ್ತು "ಕಾಗದದ ಹೊದಿಕೆಯ ಹೊರಗೆ ಪ್ಲಾಸ್ಟಿಕ್ ಕವರ್ ಇರುತ್ತದೆ" ಎಂಬ ಸಾಲನ್ನು ವಿವರಣೆಯಲ್ಲಿ ಸೇರಿಸುತ್ತೇನೆ.