ಅಣ್ಣನ ಎಂಟು ನಿಮಿಷದ ಮಾತಿಗೆ ಮೂರು ದಾರಿ ನೋಡಿದೆವು, ಕೈ ಹಿಡಿದದ್ದು ಮಾವನ ಜಗಲಿ

ಮೊದಲೇ ಹೇಳಿಬಿಡುತ್ತೇನೆ. ಅಣ್ಣನ ಭಾಷಣ ಸಿದ್ಧಮಾಡಲು ನೋಡಿದ ಮೂರು ದಾರಿಗಳಲ್ಲಿ ನನಗೆ ಇಷ್ಟವಾದದ್ದು ದುಡ್ಡೇ ಖರ್ಚಾಗದ ಮೂರನೆಯದು. ಮೊದಲನೆಯದಕ್ಕೆ 18,000 ರೂಪಾಯಿ ಕೊಟ್ಟೆವು. ಆ ಹಾಳೆಗಳು ಇನ್ನೂ ಬೀರುವಿನಲ್ಲಿವೆ.

ಅಣ್ಣ ತುಮಕೂರಿನಲ್ಲಿ ಬೋರ್‌ವೆಲ್ ಮೋಟರ್‌ಗೆ ಹಾಕುವ ಒಂದು ಕಂಟ್ರೋಲ್ ಡಬ್ಬಿ ತಯಾರಿಸುತ್ತಾನೆ. ಬಿಡುಗಡೆ ಕಾರ್ಯಕ್ರಮಕ್ಕೆ ಬರುವವರು ಪಂಪ್‌ಸೆಟ್ ಅಂಗಡಿಯವರು ಮತ್ತು ಒಂದಷ್ಟು ರೈತರು. ಅವನ ಮಾತಿಗೆ ಸಿಕ್ಕಿದ್ದು ಎಂಟು ನಿಮಿಷ. ಅವನು ಬರೆದುಕೊಂಡಿದ್ದು 14 ಹಾಳೆ. ಅದರಲ್ಲಿ ಇಂಜಿನಿಯರಿಂಗ್ ಓದಿದ ಕಾಲದ ಕಥೆ ಇತ್ತು, ಸಾಲ ಕೊಡದ ಬ್ಯಾಂಕಿನ ಕಥೆ ಇತ್ತು. ಡಬ್ಬಿಯ 23 ಗುಣಗಳ ಪಟ್ಟಿ ಇತ್ತು. ಒಂಬತ್ತು ಜನಕ್ಕೆ ಧನ್ಯವಾದ ಇತ್ತು. ಎಲ್ಲವೂ ನಿಜ, ಎಲ್ಲವೂ ಅವನ ಮನಸ್ಸಿಗೆ ಹತ್ತಿರದ್ದು. ಆದರೆ ಅಂಗಡಿಯವನು ಎದ್ದು ಹೋಗುವ ಮುಂಚೆ ಏನು ಮಾಡಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ಬರೆಸಿದ ಭಾಷಣ

ಬೆಂಗಳೂರಿನ ಒಂದು ಬರವಣಿಗೆ ಸಂಸ್ಥೆಗೆ ಆ 14 ಹಾಳೆ ಕಳಿಸಿದೆವು. ಐದು ಪುಟ ವಾಪಸ್ ಬಂತು. ಅಕ್ಷರ ತಪ್ಪಿಲ್ಲ, ನೋಡಲು ಚೆನ್ನಾಗಿದೆ. ಅಣ್ಣ ಮನೆಯಲ್ಲಿ ನಿಂತು ಜೋರಾಗಿ ಓದಿದಾಗಲೇ ತೊಂದರೆ ಗೊತ್ತಾಗಿದ್ದು. ಮೊದಲ ವಾಕ್ಯ ಹೀಗಿತ್ತು: "ವಿದ್ಯುತ್ ಪೂರೈಕೆಯಲ್ಲಿನ ಏರಿಳಿತಗಳಿಂದಾಗಿ ನಿರಂತರ ಸಂಕಷ್ಟಕ್ಕೆ ಒಳಗಾಗುತ್ತಿರುವ ರೈತಬಾಂಧವರ ಅಮೂಲ್ಯ ಮೋಟರುಗಳನ್ನು ಸಂರಕ್ಷಿಸುವ ನಿಟ್ಟಿನಲ್ಲಿ ನಮ್ಮ ಸಂಸ್ಥೆಯು ಅಭಿವೃದ್ಧಿಪಡಿಸಿರುವ ನೂತನ ಉಪಕರಣವನ್ನು ತಮ್ಮ ಮುಂದೆ ಪ್ರಸ್ತುತಪಡಿಸಲು ಹರ್ಷಿಸುತ್ತೇವೆ."

"ರೈತಬಾಂಧವರ" ಅನ್ನುವಷ್ಟರಲ್ಲಿ ಅವನ ಉಸಿರು ಮುಗಿದಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ಪುಟದ ಮೇಲಾದರೆ ಕಣ್ಣು ಮುಂದೆ ಓಡಿ ಅದನ್ನು ಹಿಡಿದುಕೊಳ್ಳುತ್ತದೆ. ಕಿವಿಗೆ ಆ ಅನುಕೂಲ ಇಲ್ಲ. "ಆಗುತ್ತಿರುವ", "ಮಾಡಿರುವ", "ಸಂರಕ್ಷಿಸುವ" ಅಂತ ಒಂದರ ಹಿಂದೆ ಒಂದು ಬಂದರೆ, ಯಾರು ಏನು ಮಾಡಿದರು ಅಂತ ತಿಳಿಯಲು ಕೇಳುವವರು ಕೊನೆಯವರೆಗೂ ಎಲ್ಲವನ್ನೂ ಹೊತ್ತುಕೊಂಡು ಕೂರಬೇಕು. ಮೂರನೇ "ಇರುವ" ಬರುವ ಹೊತ್ತಿಗೆ ಅವರು ಕೈಬಿಟ್ಟಿರುತ್ತಾರೆ. ಆ ಐದು ಪುಟದಲ್ಲಿ ಇಂಥ ವಾಕ್ಯ 31 ಇದ್ದವು. ಪೆನ್ಸಿಲ್ ಹಿಡಿದು ಎಣಿಸಿದೆ.

ವಾಕ್ಯ ಒಡೆದರೆ ಸರಿಹೋಗುತ್ತದೆ ಅಂದುಕೊಂಡು ಎರಡು ರಾತ್ರಿ ಕೂತೆ. ಸರಿಹೋಗಲಿಲ್ಲ. ಒಡೆದ ಮೇಲೂ ಆ ಮಾತು ಅಣ್ಣನದಾಗಿರಲಿಲ್ಲ. ಅವನು ಯಾವತ್ತೂ "ಉಪಕರಣ" ಅಂದವನಲ್ಲ, ಡಬ್ಬಿ ಅಂತಾನೆ. "ಸಂರಕ್ಷಿಸುವ" ಅನ್ನುವಾಗ ಅವನ ಗಂಟಲೇ ಬದಲಾಗುತ್ತಿತ್ತು, ಶಾಲೆಯ ಆಗಸ್ಟ್ 15ರ ಭಾಷಣದ ಹಾಗೆ.

ಸಮಯದ ಲೆಕ್ಕವೂ ತಪ್ಪಿತ್ತು. ಅವರು ಕೊಟ್ಟಿದ್ದು ಸುಮಾರು 1,100 ಪದ, ಎಂಟು ನಿಮಿಷಕ್ಕೆ ಸಾಕು ಅಂದಿದ್ದರು. ಇಂಗ್ಲಿಷಿನಲ್ಲಿ ನಿಮಿಷಕ್ಕೆ 130ರಿಂದ 150 ಪದ ಅನ್ನುವ ಲೆಕ್ಕ ಇದೆ, ಅದನ್ನೇ ಹಿಡಿದಿದ್ದರು. ಕನ್ನಡದಲ್ಲಿ "ಹೊಲದಲ್ಲಿರುವವರಿಗೂ" ಅನ್ನೋದು ಒಂದೇ ಪದ. ಅಣ್ಣ ಓದಿ ಮುಗಿಸಿದಾಗ ಗಡಿಯಾರದಲ್ಲಿ 13 ನಿಮಿಷ ಆಗಿತ್ತು. ಅಂದರೆ ಅವನ ವೇಗ ನಿಮಿಷಕ್ಕೆ 85 ಪದ. ನಿಮ್ಮವರ ವೇಗ ಬೇರೆ ಇರಬಹುದು. ಒಂದು ಪುಟ ಓದಿಸಿ, ಅಳೆದು, ಆಮೇಲೆ ಬರೆಯಿರಿ.

ಸ್ಲೈಡು ಮಾಡಿಕೊಂಡು ಮಾತಾಡುವುದು

ಇದಕ್ಕೆ ಜಾಸ್ತಿ ಹೇಳುವುದಿಲ್ಲ. 24 ಸ್ಲೈಡ್ ಆಯಿತು. ಅಣ್ಣ ಪರದೆಗೆ ಮುಖ ಮಾಡಿ, ನಮಗೆ ಬೆನ್ನು ತೋರಿಸಿ ಓದಿದ. ಹೂಡಿಕೆದಾರರ ಮುಂದೆ, ಲೆಕ್ಕಪತ್ರ ತೋರಿಸುವ ಕಡೆ, ಸ್ಲೈಡ್ ಬೇಕೇ ಬೇಕು. ಪಂಪ್‌ಸೆಟ್ ಅಂಗಡಿಯವರ ಮುಂದೆ ಡಬ್ಬಿಯೇ ಮೇಜಿನ ಮೇಲೆ ಇರುವಾಗ ಅದರ ಚಿತ್ರ ಯಾಕೆ?

ಹೇಳಿಸಿ, ರೆಕಾರ್ಡ್ ಮಾಡಿ, ಕತ್ತರಿಸುವುದು

ಕೊನೆಗೆ ಹಾಳೆ ಎಲ್ಲ ಕಿತ್ತುಕೊಂಡು ಅಣ್ಣನನ್ನು ಊರಿಗೆ ಕರೆದುಕೊಂಡು ಹೋದೆ. ನಮ್ಮ ಸೋದರಮಾವನ ಮೋಟರ್ ಹೋದ ವರ್ಷ ಸುಟ್ಟಿತ್ತು. ಜಗಲಿಯ ಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಫೋನ್ ರೆಕಾರ್ಡರ್ ಇಟ್ಟೆ. "ಮಾವನಿಗೆ ಈ ಡಬ್ಬಿ ಯಾಕೆ ಬೇಕು ಅಂತ ಹೇಳು, ಅಷ್ಟೇ" ಅಂದೆ. ಎದುರಿಗೆ ಕೂರುವವರು ಆ ವಸ್ತು ನಿಜವಾಗಿ ಬೇಕಾದವರೇ ಆಗಿರಬೇಕು. ನನ್ನ ಮುಂದೆ ಹೇಳಿಸಿದ್ದರೆ ಅವನು ಮತ್ತೆ ಬ್ಯಾಂಕಿನ ಕಥೆಗೆ ಹೋಗುತ್ತಿದ್ದ.

22 ನಿಮಿಷ ಮಾತಾಡಿದರು. ಮನೆಗೆ ಬಂದು ಅದನ್ನು ಕೈಯಲ್ಲಿ ಬರೆದುಕೊಂಡೆ. ಎರಡು ಸಂಜೆ ಪೂರ್ತಿ ಹಿಡಿಯಿತು. ಈ ದಾರಿಯ ದೊಡ್ಡ ತಾಪತ್ರಯ ಇದೇ. ಬರೆಯುವಾಗ ಮಾವ ನಡುವೆ ಬಾಯಿ ಹಾಕಿದ ಕಡೆಯೆಲ್ಲ ಕೆಂಪು ಗೆರೆ ಎಳೆದೆ. ಅವರು ಪ್ರಶ್ನೆ ಕೇಳಿದ್ದರೆ ಅಲ್ಲಿ ಏನೋ ತಾಗಿದೆ ಅಂತ ಅರ್ಥ. ಬರೀ "ಹ್ಞೂಂ ಹ್ಞೂಂ" ಅಂದಿದ್ದರೆ ಆ ಭಾಗ ತೆಗೆಯಬಹುದು. 23 ಗುಣಗಳಲ್ಲಿ ಕೆಂಪು ಗೆರೆ ಬಿದ್ದದ್ದು ಮೂರಕ್ಕೆ: ಕರೆಂಟ್ ಬಂದರೂ ಮೋಟರ್ ಶುರು ಮಾಡಲು ಸರದಿ ಕಾಯುವುದು, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವುದು, ಬೋರ್‌ನಲ್ಲಿ ನೀರು ಬತ್ತಿದರೆ ನಿಲ್ಲಿಸುವುದು. ಉಳಿದ ಇಪ್ಪತ್ತನ್ನು ಕರಪತ್ರಕ್ಕೆ ಹಾಕಿದೆವು.

ಭಾಷಣದ ಮೊದಲ ವಾಕ್ಯ ಸಿಕ್ಕಿದ್ದು 14ನೇ ನಿಮಿಷದಲ್ಲಿ. "ಮಾವ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ರೆ ನಿಮ್ಮನೇಲಿ ಯಾರು ಎದ್ದು ಹೋಗೋದು?" ಅಂತ ಅಣ್ಣ ಕೇಳಿದ. ಮಾವ ಅಂದರು: "ನಾನೇ ಕಣೋ, ಇನ್ಯಾರು? ಮೊದ್ಲು ಆಟೋ ಸ್ಟಾರ್ಟರ್ ಹಾಕಿದ್ದೆ. ಸುಟ್ಟಿದ್ದು ಅದ್ರಿಂದಾನೇ." ಅಲ್ಲಿಂದ ಅಣ್ಣನ ದನಿಯೇ ಬೇರೆಯಾಯಿತು.

ಕರೆಂಟ್ ಬಂದ ಕೂಡಲೇ ಮೋಟರನ್ನು ತಾನೇ ಶುರು ಮಾಡುವ ಆಟೋ ಸ್ಟಾರ್ಟರಿನ ತೊಂದರೆಯನ್ನು ಅವನ ಟಿಪ್ಪಣಿ ಒಂದೂವರೆ ಪುಟ ವಿವರಿಸಿತ್ತು. ಶುರುವಾಗುವ ಗಳಿಗೆಯಲ್ಲಿ ಮೋಟರ್ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಕರೆಂಟ್ ಬಂದ ಕೂಡಲೇ ಒಂದೇ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ, ಕೆಳಗಿನ ಎಲ್ಲ ಮೋಟರೂ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಬೀಳುತ್ತದೆ, ವೈಂಡಿಂಗ್ ಸುಡುತ್ತದೆ, ಟಿಸಿಯೂ ಹೋಗುತ್ತದೆ. ಜಗಲಿಯ ಮೇಲೆ ಅವನು ಇದನ್ನೇ ಹೇಳಿದ್ದು ಹೀಗೆ: "ಮದುವೆ ಮನೇಲಿ ಊಟದ ಹಾಲ್ ಬಾಗಿಲು ತೆಗೆದ ತಕ್ಷಣ ಎಲ್ಲರೂ ನುಗ್ಗಿದ ಹಾಗೆ ಮಾವ. ನಮ್ಮ ಡಬ್ಬಿ ನುಗ್ಗಲ್ಲ. ಎರಡನೇ ಪಂಕ್ತಿಗೆ ಕೂರುತ್ತೆ." ಇದನ್ನು ಒಂದಕ್ಷರ ಮುಟ್ಟದೆ ಹಾಗೇ ಇಟ್ಟೆ. ಯಾವ ಬರಹಗಾರರಿಗೆ ದುಡ್ಡು ಕೊಟ್ಟರೂ ಈ ವಾಕ್ಯ ಸಿಗುತ್ತಿರಲಿಲ್ಲ.

ಹಾಗಂತ ಹೇಳಿದ್ದೆಲ್ಲ ಬಂಗಾರವಲ್ಲ. ಮಾತಿನ ಹುಮ್ಮಸ್ಸಿನಲ್ಲಿ ಅಣ್ಣ "ಇದು ಹಾಕಿದ್ರೆ ಮೋಟರ್ ಸುಡೋದೇ ಇಲ್ಲ" ಅಂದಿದ್ದ. ಅದು ಸುಳ್ಳು. ಸಿಡಿಲು ಹೊಡೆದರೂ ಹೋಗುತ್ತದೆ, ಬೇರಿಂಗ್ ಹಿಡಿದುಕೊಂಡರೂ ಹೋಗುತ್ತದೆ. ಸಭೆಯಲ್ಲಿ ಕೂತವರಿಗೆ ದಿನಾ ಸುಟ್ಟ ಮೋಟರ್ ನೋಡಿಯೇ ಅಭ್ಯಾಸ. ಆ ಒಂದು ಮಾತಿಗೆ ಉಳಿದ ಏಳು ನಿಮಿಷವನ್ನೂ ಅವರು ನಂಬುತ್ತಿರಲಿಲ್ಲ. ಅದನ್ನು ತೆಗೆದು "ಸಿಡಿಲಿಗೆ ಇದು ಅಡ್ಡ ನಿಲ್ಲಲ್ಲ. ಒಂದು ಫೇಸ್ ಹೋದ್ರೆ ನಿಲ್ಲಿಸುತ್ತೆ, ತೋರಿಸ್ತೀನಿ" ಅಂತ ಬರೆದೆ. ಅಲ್ಲಿಂದಲೇ ಡೆಮೊ ಶುರುವಾಯಿತು.

ಡೆಮೊಗೆ ಒಂದು ಹಲಗೆ ಮಾಡಿದ್ದೆವು. ಫೇಸಿಗೊಂದರಂತೆ ಮೂರು ಬಲ್ಬು, ಪಕ್ಕದಲ್ಲಿ ಒಂದು ಚಿಕ್ಕ ಮೋಟರ್. ಅಣ್ಣ ಒಂದು ಫ್ಯೂಸ್ ಕಿತ್ತರೆ ಒಂದು ಬಲ್ಬು ಆರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಡಬ್ಬಿ "ಟಕ್" ಅನ್ನುತ್ತದೆ, ಮೋಟರ್ ನಿಲ್ಲುತ್ತದೆ. ಅಭ್ಯಾಸದಲ್ಲಿ ಅಣ್ಣ ಆ ಹೊತ್ತಿನಲ್ಲೂ ವಿವರಿಸುತ್ತಲೇ ಇದ್ದ, ಹೀಗಾಗಿ ಟಕ್ ಯಾರಿಗೂ ಕೇಳುತ್ತಿರಲಿಲ್ಲ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ "ಬಾಯಿ ಮುಚ್ಚು, ಟಕ್ ಕೇಳಲಿ" ಅಂತ ಬರೆದೆ.

ಬೆಲೆಯ ಜಾಗದ ಬಗ್ಗೆ ಇಬ್ಬರಿಗೂ ಜಗಳವಾಯಿತು. ಟಿಪ್ಪಣಿಯಲ್ಲಿ ಬೆಲೆ ಮೊದಲ ಪುಟದಲ್ಲೇ ಇತ್ತು, ಅದು ಆಮೇಲೆ ಬರಲಿ ಅಂತ ನನ್ನ ವಾದ. 2010ರ ಜನವರಿಯಲ್ಲಿ ಐಪ್ಯಾಡನ್ನು ಮೊದಲ ಸಲ ತೋರಿಸುವಾಗ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಪರದೆಯ ಮೇಲೆ ಮೊದಲು 999 ಡಾಲರ್ ತೋರಿಸಿ, ಅದು ಮನಸ್ಸಿನಲ್ಲಿ ಕೂತ ಮೇಲೆ 499 ಅಂದರು. 999 ಆಗ ಜನ ಊಹಿಸುತ್ತಿದ್ದ ಬೆಲೆ. ನಮಗೆ ಊಹೆ ಬೇಕಿರಲಿಲ್ಲ, ಮಾವನ ಬಿಲ್ ಇತ್ತು. ಮೋಟರ್ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದ್ದಕ್ಕೆ 14,500. ಆ ಬಿಲ್ಲನ್ನೇ ಎತ್ತಿ ಹಿಡಿದು, ಮೊತ್ತ ಓದಿ, ಆಮೇಲೆ "ಡಬ್ಬಿಗೆ 6,800" ಅಂತ ಹೇಳುವುದು ಅಂತಾಯಿತು. ಜಾಬ್ಸ್ ಅವರ ಕ್ರಮ ಅಣ್ಣನಿಗೆ ಮೊದಲು ಬೂಟಾಟಿಕೆ ಅನಿಸಿತ್ತು. ಬಿಲ್ ಕೈಗೆ ಬಂದ ಮೇಲೆ ಒಪ್ಪಿದ.

ಕೊನೆಯ ವಾಕ್ಯ "ನಿಮ್ಮ ಸಹಕಾರ ಇರಲಿ" ಅಂತಿತ್ತು. ಸಹಕಾರ ಅಂದರೆ ಅಂಗಡಿಯವನು ನಾಳೆ ಬೆಳಿಗ್ಗೆ ಏನು ಮಾಡಬೇಕು? ಅದನ್ನು ಬದಲಿಸಿದೆವು: "ಐದು ಡಬ್ಬಿ ತಗೊಂಡು ಹೋಗಿ. ಐದನ್ನೂ ಒಂದೇ ಟಿಸಿ ಕೆಳಗೆ ಹಾಕಿ. ಒಂದು ಬೇಸಿಗೆ ನೋಡಿ." ಬೇರೆ ಬೇರೆ ಊರಿಗೆ ಒಂದೊಂದು ಹಾಕಿದರೆ ಸರದಿಯ ಉಪಯೋಗ ಕಾಣುವುದಿಲ್ಲ. ಹಾಗಾಗಿ ಈ ಕೋರಿಕೆ ಡಬ್ಬಿಗೂ ಸರಿಯಾದದ್ದು.

ವೇದಿಕೆ ಮೇಲಿನವರ ಹೆಸರು ಹೇಳುವುದಕ್ಕೇ ಒಂದೂವರೆ ನಿಮಿಷ ಹೋಗುತ್ತಿತ್ತು. ಹೇಳದಿದ್ದರೆ ಹಿರಿಯರಿಗೆ ಬೇಜಾರು. ಆ ಪಟ್ಟಿಯನ್ನೂ ಒಂಬತ್ತು ಧನ್ಯವಾದಗಳನ್ನೂ ನಿರೂಪಕಿಗೆ ಕೊಟ್ಟೆವು. ಅಣ್ಣ "ಎಲ್ಲರಿಗೂ ನಮಸ್ಕಾರ" ಅಂದು ನೇರ ಆ ರಾತ್ರಿ ಎರಡು ಗಂಟೆಯ ಪ್ರಶ್ನೆಗೆ ಬಂದ.

ಕೊನೆಗೆ ಉಳಿದದ್ದು 560 ಪದ, ನಾಲ್ಕು ಚೀಟಿ. ಮೊದಲ ವಾಕ್ಯ ಮತ್ತು ಕೊನೆಯ ಮೂರು ವಾಕ್ಯ ಮಾತ್ರ ಬಾಯಿಪಾಠ. ಉಳಿದದ್ದನ್ನು ಪ್ರತಿ ಸಲ ಸ್ವಲ್ಪ ಬೇರೆ ಥರ ಹೇಳಿದರೂ ಸರಿ. ಡೆಮೊ ಸೇರಿ ಏಳೂ ಮುಕ್ಕಾಲು ನಿಮಿಷಕ್ಕೆ ಮುಗಿಸಿದ. "ಎರಡನೇ ಪಂಕ್ತಿ" ಅಂದಾಗ ಹಿಂದಿನ ಸಾಲಿನಿಂದ ನಗು ಬಂತು. ಊಟದ ಹೊತ್ತಿಗೆ ಒಬ್ಬ ಅಂಗಡಿಯವರು ಅಣ್ಣನ ಹತ್ತಿರ ಬಂದು ಕೇಳಿದ್ದು ಕೂಡ ಹಾಗೇ: "ಆ ಎರಡನೇ ಪಂಕ್ತಿ ಡಬ್ಬಿ ಐದು ಕೊಡಿ."

ನಿಮ್ಮವರು ಮಾತಿಗೆ ಪೂರ್ತಿ ಹೆದರುವವರಾದರೆ, ಇಲ್ಲಾ ಎರಡು ದಿನದಲ್ಲಿ ಕಾರ್ಯಕ್ರಮ ಇದ್ದರೆ, ಬರೆಸುವುದೇ ವಾಸಿ ಇರಬಹುದು. ಹಾಗಿದ್ದರೆ ಟಿಪ್ಪಣಿ ಕೊಡಬೇಡಿ, ಒಂದು ರೆಕಾರ್ಡಿಂಗ್ ಕೊಟ್ಟು ಅದರಿಂದ ಬರೆಯಲು ಹೇಳಿ. ನನಗೆ ಕೈಯಲ್ಲಿ ಬರೆಯುವ ಅಭ್ಯಾಸ ಇದೆ, ಸಂಜೆ ಬಿಡುವಿದೆ, ಅದಕ್ಕೇ ಮೂರನೇ ದಾರಿ ಹೊಂದಿತು. ಮುಂದಿನ ತಿಂಗಳು ಶಿರಾದಲ್ಲಿ ಇದೇ ಕಾರ್ಯಕ್ರಮ ಇದೆ. ಅಲ್ಲಿ ಕಡಲೆಕಾಯಿ ಬೆಳೆಯುವವರು ಜಾಸ್ತಿ ಬರುತ್ತಾರೆ. ಅದಕ್ಕೆ ಈ ಭಾನುವಾರ ಮಾವನ ಬದಲು ಅವರ ಬೀಗರನ್ನು ಜಗಲಿಗೆ ಕರೆದಿದ್ದೇವೆ.